ಸ್ಕ್ರೀನ್‌ಶಾಟ್, ವಾಲೆಟ್, ಕಾಗದ: ಸ್ಕ್ಯಾನರ್ ಮುಂದೆ ಏನು ಹಿಡಿಯೋದು?

ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ ಇದೆ. ಬಿಲ್ ಮಾಡುವ ಮೇಜಿನ ಮೇಲೆ ಎರಡು ಸ್ಕ್ಯಾನರ್‌ಗಳಿವೆ, ಒಂದು ಹಳೆಯದು, ಒಂದು ಹೊಸದು. ಖಾಯಂ ಗಿರಾಕಿಗಳಿಗೆ ನಾವು ಪಾಯಿಂಟ್ ಕಾರ್ಡ್ ಕೊಡುತ್ತೇವೆ. ಮೊದಲೆಲ್ಲ ಅದನ್ನು ಪರ್ಸಿನಿಂದ ತೆಗೆದು ಕೊಡುತ್ತಿದ್ದರು. ಈಗ ಹೆಚ್ಚಿನವರು ಫೋನ್ ಮುಂದೆ ಚಾಚುತ್ತಾರೆ. ಹಳೆ ಸ್ಕ್ಯಾನರ್ ಹಿಡಿದು ನಾನು ನಾಲ್ಕು ಸಲ ಗುಂಡಿ ಒತ್ತುತ್ತೇನೆ. ಕೆಂಪು ಗೆರೆ ಪರದೆ ಮೇಲೆ ಓಡಾಡುತ್ತದೆ, ಬೀಪ್ ಮಾತ್ರ ಬರುವುದಿಲ್ಲ. 'ಆಗವಲ್ದೇನ್ರಿ ಅಕ್ಕಾರ? ನನ್ನ ಫೋನೇ ಕೆಟ್ಟೈತೇನು?' ಅಂತ ಕೇಳುತ್ತಾರೆ. ಫೋನ್ ಕೆಟ್ಟಿಲ್ಲ. ಹೊಸ ಸ್ಕ್ಯಾನರ್ ಹಿಡಿದರೆ ಒಂದೇ ಸಲಕ್ಕೆ ಓದುತ್ತದೆ.

ಇದನ್ನು ನೋಡಿದವರು ಆಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಾರ್ಡು, ಸಿನಿಮಾ ಟಿಕೆಟ್ಟು, ನಮ್ಮೂರಿನ ಸಾಂಬ್ರಾ ನಿಲ್ದಾಣದಿಂದ ವಿಮಾನ ಹತ್ತುವಾಗ ಬೋರ್ಡಿಂಗ್ ಪಾಸು, ಇವನ್ನೆಲ್ಲ ಫೋನಿನಲ್ಲಿ ಎಲ್ಲಿಡಬೇಕು? ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಸಾಕಾ, ಟಿಕೆಟ್ಟು, ಕಾರ್ಡುಗಳನ್ನು ಒಟ್ಟಿಗೆ ಇಡುವ ಫೋನಿನ ವಾಲೆಟ್ ಆಪ್‌ಗೆ ಹಾಕಬೇಕಾ, ಅಂಗಡಿ ಕಾರ್ಡಿಗೆಂದೇ ಬೇರೆ ಆಪ್ ಇಟ್ಟುಕೊಳ್ಳಬೇಕಾ, ಅಥವಾ ಸುಮ್ನೆ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸೋದೇ ವಾಸಿಯಾ?

ಇವುಗಳನ್ನು ನಾನು ನಾಲ್ಕು ಮಾತಿನ ಮೇಲೆ ತೂಗುತ್ತೇನೆ. ಎದುರಿಗಿರುವ ಸ್ಕ್ಯಾನರ್ ಅದನ್ನು ಓದುತ್ತದಾ? ನೆಟ್ ಇಲ್ಲದಾಗ ತೆರೆಯುತ್ತದಾ? ಸೀಟು, ಸಮಯ, ಗೇಟು ಬದಲಾದರೆ ಅದೂ ಬದಲಾಗುತ್ತದಾ? ಫೋನ್ ಕಳೆದರೆ ಅಥವಾ ಹೊಸದು ಕೊಂಡರೆ ಉಳಿಯುತ್ತದಾ? ಖರ್ಚಿನ ಲೆಕ್ಕ ಇಲ್ಲಿ ದೊಡ್ಡದಲ್ಲ. ಆಪ್‌ಗಳೆಲ್ಲ ಪುಕ್ಕಟೆ, ಪ್ರಿಂಟಿಗೆ ಐದೋ ಹತ್ತೋ ರೂಪಾಯಿ. ಖರ್ಚಾಗುವುದು ಸಾಲಿನಲ್ಲಿ ನಿಂತಾಗಿನ ಸಮಯ.

ಮೊದಲು ಸ್ಕ್ಯಾನರ್ ನೋಡಿ

ಅಂಗಡಿಯ ಸ್ಕ್ಯಾನರ್ ನಿಜಕ್ಕೂ ಏನು ಮಾಡುತ್ತದೆ ಅಂತ ನೋಡಬೇಕಾದರೆ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ಒಂದು ಕಾರ್ಡ್ ಸ್ಕ್ಯಾನ್ ಮಾಡಿ. ಹದಿಮೂರು ಅಂಕಿ ಟಕಟಕ ಮೂಡುತ್ತವೆ, ಕರ್ಸರ್ ಮುಂದಿನ ಸಾಲಿಗೆ ಹೋಗುತ್ತದೆ. ಅಷ್ಟೇ. ಕಂಪ್ಯೂಟರಿನ ಪಾಲಿಗೆ ಅದೊಂದು ಕೀಬೋರ್ಡು. ಗಿರಾಕಿಯ ಹೆಸರು, ಪಾಯಿಂಟು ಯಾವುದೂ ಕಾರ್ಡಿನ ಗೆರೆಗಳಲ್ಲಿ ಇರುವುದಿಲ್ಲ. ಅಂಕಿಗಳನ್ನು ಹಿಡಿದು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಪಟ್ಟಿಯಲ್ಲಿ ಹುಡುಕಿಕೊಳ್ಳುತ್ತದೆ. ಆ ಅಂಕಿ ವಾಲೆಟ್‌ನಿಂದ ಬಂತೋ, ಗ್ಯಾಲರಿಯಿಂದ ಬಂತೋ, ಕಾಗದದಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ, ಬೇಕಾಗಿಯೂ ಇಲ್ಲ.

ಹಾಗಾದರೆ ಹಳೆ ಸ್ಕ್ಯಾನರಿಗೆ ಫೋನ್ ಯಾಕೆ ಆಗಿಬರುವುದಿಲ್ಲ? ಅದು ಲೇಸರ್ ಸ್ಕ್ಯಾನರ್. ಕಾಗದದ ಮೇಲೆ ಕೆಂಪು ಬೆಳಕಿನ ಗೆರೆ ಹಾಯಿಸುತ್ತದೆ. ಬಿಳಿ ಜಾಗದಿಂದ ಬೆಳಕು ವಾಪಸ್ ಬರುತ್ತದೆ, ಕಪ್ಪು ಗೆರೆಯಿಂದ ಬರುವುದಿಲ್ಲ. ಈ ಏರಿಳಿತವನ್ನೇ ಅದು ಅಂಕಿಯಾಗಿ ಓದುತ್ತದೆ. ಫೋನಿನ ಪರದೆಯಲ್ಲಿ ಬಿಳಿ ಅಂತ ನಮಗೆ ಕಾಣುವುದು ಪರದೆಯೇ ಬಿಡುವ ಬೆಳಕು. ಲೇಸರ್ ಬೆಳಕು ಗಾಜಿಗೆ ಬಡಿದು ಕಪ್ಪು ಬಿಳಿ ಎರಡರಿಂದಲೂ ಒಂದೇ ರೀತಿ ವಾಪಸ್ ಬರುತ್ತದೆ. ಏರಿಳಿತವೇ ಇಲ್ಲದ ಮೇಲೆ ಓದುವುದೇನು? ಇಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಉಪಯೋಗವಿಲ್ಲ.

ಹೊಸದು ಇಮೇಜರ್. ಅದರೊಳಗೆ ಒಂದು ಪುಟ್ಟ ಕ್ಯಾಮೆರಾ ಇದೆ, ಫೋಟೊ ತೆಗೆದು ಓದುತ್ತದೆ. ಗೆರೆಯ ಬಾರ್‌ಕೋಡೂ ಆದೀತು, ಕ್ಯೂಆರ್‌ನಂಥ ಚೌಕವೂ ಆದೀತು, ಕಾಗದ, ಪರದೆ ಎರಡೂ ಆದೀತು. ಗುರುತಿಸುವುದು ಸುಲಭ. ಕೂದಲಿನಷ್ಟು ತೆಳುವಾದ ಒಂದೇ ಕೆಂಪು ಗೆರೆ ಬಂದರೆ ಅದು ಸಾಮಾನ್ಯವಾಗಿ ಲೇಸರ್. ಅಗಲವಾದ ಬೆಳಕು ಚೆಲ್ಲಿ, ನಡುವೆ ಗುರಿಯ ಚುಕ್ಕಿಯೋ ಚೌಕವೋ ಕಂಡರೆ ಇಮೇಜರ್. ವಿಮಾನ ನಿಲ್ದಾಣ, ಮೆಟ್ರೊ, ಮಲ್ಟಿಪ್ಲೆಕ್ಸ್‌ಗಳಲ್ಲಿ ಇರುವುದು ಇಮೇಜರೇ, ಯಾಕೆಂದರೆ ಲೇಸರಿಗೆ ಕ್ಯೂಆರ್ ಓದಲು ಬರುವುದೇ ಇಲ್ಲ. ಫೋನಿನ ಕಾರ್ಡಿಗೆ ತಕರಾರು ಬರುವುದು ಹೆಚ್ಚಾಗಿ ನಮ್ಮಂಥ ಊರಿನ ಅಂಗಡಿಗಳಲ್ಲಿ, ಕಿರಾಣಿ ಸೂಪರ್ ಮಾರ್ಕೆಟ್‌ಗಳಲ್ಲಿ, ಔಷಧಿ ಅಂಗಡಿಗಳಲ್ಲಿ.

ಅದಕ್ಕೇ ಅಂಗಡಿ ಕಾರ್ಡಿನ ವಿಷಯದಲ್ಲಿ ನನ್ನ ಮೊದಲ ಸಲಹೆ: ಎಲ್ಲಿ ಬೇಕಾದರೂ ಇಡಿ, ಆದರೆ ಗೆರೆಗಳ ಕೆಳಗಿನ ಅಂಕಿ ಕಾಣುವ ಹಾಗೆ ಇಡಿ. ಸ್ಕ್ಯಾನ್ ಆಗದಿದ್ದರೆ ಕೈಯಿಂದ ಟೈಪ್ ಮಾಡಬಹುದು. ಇನ್ನು, ಎಷ್ಟೋ ಅಂಗಡಿಯವರು 'ಮೊಬೈಲ್ ನಂಬರ್ ಹೇಳ್ರಿ' ಅಂತ ಕೇಳಿ ಅದರಿಂದಲೇ ಪಾಯಿಂಟ್ ಸೇರಿಸುತ್ತಾರೆ. ಅಂಥ ಅಂಗಡಿಯ ಕಾರ್ಡನ್ನು ಫೋನಿನಲ್ಲಿ ಇಡುವ ಉಸಾಬರಿಯೇ ಬೇಡ.

ಸ್ಕ್ರೀನ್‌ಶಾಟ್

ಜನ ಇದನ್ನು ಕೀಳಾಗಿ ನೋಡುತ್ತಾರೆ, ನಾನು ನೋಡುವುದಿಲ್ಲ. ನೆಟ್ ಬೇಡ, ಲಾಗಿನ್ ಬೇಡ, ಯಾವ ಫೋನಿನಲ್ಲೂ ಆಗುತ್ತದೆ. ಒಂದು ಪ್ರಯಾಣ, ಒಂದು ಸಿನಿಮಾ, ಮುಗಿದ ಮೇಲೆ ಅಳಿಸಿಬಿಟ್ಟರಾಯಿತು.

ಕೆಡುವುದು ಮೂರು ಕಡೆ. ಮೊದಲನೆಯದು ಕತ್ತರಿಸುವುದು. ಕೋಡಿನ ಸುತ್ತ ಬಿಳಿ ಅಂಚು ಇರಲೇಬೇಕು. ಕ್ಯೂಆರ್ ಆದರೆ ಅದರ ನಾಲ್ಕು ಸಣ್ಣ ಚೌಕಗಳಷ್ಟು ಅಗಲದ ಅಂಚು ಸುತ್ತಲೂ ಬೇಕು. ಕೋಡ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಸ್ಕ್ಯಾನರಿಗೆ ತಿಳಿಯುವುದು ಆ ಅಂಚಿನಿಂದಲೇ. ಚೆಂದ ಕಾಣಲಿ ಅಂತ ಅಂಚಿನವರೆಗೂ ಕತ್ತರಿಸಿ, ಆಮೇಲೆ ಕಪ್ಪು ಹಿನ್ನೆಲೆಯ ಗ್ಯಾಲರಿಯಲ್ಲಿ ತೆರೆದರೆ ಕಪ್ಪಿಗೆ ಕಪ್ಪು ಅಂಟಿಕೊಳ್ಳುತ್ತದೆ.

ಎರಡನೆಯದು ವಾಟ್ಸ್‌ಆ್ಯಪ್. ಫೋಟೊ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ದಪ್ಪ ಚೌಕಗಳ ಕ್ಯೂಆರ್ ಇದನ್ನು ತಾಳಿಕೊಳ್ಳುತ್ತದೆ, ಸಣ್ಣ ಗೆರೆಗಳು ಒತ್ತೊತ್ತಾಗಿರುವ ಬಾರ್‌ಕೋಡ್ ತಾಳಿಕೊಳ್ಳುವುದಿಲ್ಲ, ಅಂಚುಗಳು ಮಸಕಾಗುತ್ತವೆ. ಮನೆಯವರಿಗೆ ಕಳಿಸುವಾಗ ಪಿಡಿಎಫ್ ಕಳಿಸಿ, ಇಲ್ಲವೇ ಅದೇ ಫೋಟೊವನ್ನು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.

ಮೂರನೆಯದು ಹೆಚ್ಚು ಗಂಭೀರ. ಸ್ಕ್ರೀನ್‌ಶಾಟ್ ಅನ್ನುವುದು ಆ ಕ್ಷಣದ ಫೋಟೊ. ಆಮೇಲೆ ಸೀಟು ಬದಲಾದರೂ ಅದರಲ್ಲಿ ಹಳೆ ಸೀಟೇ ಇರುತ್ತದೆ. ಕೆಲವು ಟಿಕೆಟ್‌ಗಳಲ್ಲಿ ಕೋಡ್ ಸ್ವಲ್ಪ ಹೊತ್ತಿಗೊಮ್ಮೆ ತಾನೇ ಬದಲಾಗುವ ಹಾಗೆ ಮಾಡಿರುತ್ತಾರೆ, ಅಲ್ಲಿ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ರೈಲಿನ ಕಾಯ್ದಿರಿಸದ ಮೊಬೈಲ್ ಟಿಕೆಟ್ ಕೂಡ ಹಾಗೇ. ಅದನ್ನು ಆಪ್ ತೆರೆದೇ ತೋರಿಸಬೇಕು. ಆನ್‌ಲೈನ್‌ನಲ್ಲಿ ಕಾಯ್ದಿರಿಸಿದ ಟಿಕೆಟ್ಟಿನ ಕಥೆ ಬೇರೆ. ಅಲ್ಲಿ ಪಟ್ಟಿಯಲ್ಲಿ ನಿಮ್ಮ ಹೆಸರಿರುತ್ತದೆ, ಎಸ್ಎಮ್ಎಸ್ ಜೊತೆ ಗುರುತಿನ ಚೀಟಿ ತೋರಿಸಿದರೆ ಆಯಿತು.

ಫೋನಿನ ವಾಲೆಟ್

ಐಫೋನಿನಲ್ಲಿ ಇದು 2012ರಿಂದ ಇದೆ. ಆಗ ಹೆಸರು ಪಾಸ್‌ಬುಕ್ ಅಂತಿತ್ತು, 2015ರಲ್ಲಿ ವಾಲೆಟ್ ಆಯಿತು. ಆಂಡ್ರಾಯ್ಡ್‌ನ ಗೂಗಲ್ ವಾಲೆಟ್ ಭಾರತಕ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ. ಏರ್ ಇಂಡಿಯಾ, ಇಂಡಿಗೊ, ಪಿವಿಆರ್ ಐನಾಕ್ಸ್, ಕೊಚ್ಚಿ ಮೆಟ್ರೊ ಮೊದಲ ದಿನದ ಪಟ್ಟಿಯಲ್ಲೇ ಇದ್ದವು. ಹೆಸರು ಕೇಳಿ ಹಣ ಕಳಿಸುವ ಆಪ್ ಅಂದುಕೊಳ್ಳಬೇಡಿ. ಅದಕ್ಕೆ ಗೂಗಲ್ ಪೇ ಬೇರೆಯೇ ಇದೆ. ಸ್ಯಾಮ್‌ಸಂಗ್ ಫೋನ್ ಇದ್ದವರಿಗೆ ಅವರದೇ ವಾಲೆಟ್ ಕೂಡ ಇರುತ್ತದೆ. ಎರಡರಲ್ಲೂ ಇಟ್ಟು ಗೋಜಲು ಮಾಡಿಕೊಳ್ಳದೆ ಒಂದನ್ನು ಆರಿಸಿಕೊಳ್ಳಿ.

ವಾಲೆಟ್‌ಗೆ ಹಾಕಿದ ಟಿಕೆಟ್ಟು, ಕಾರ್ಡು ಯಾವುದಾದರೂ ಅದಕ್ಕೆ ಪಾಸ್ ಅನ್ನುತ್ತಾರೆ. ಐಫೋನಿನ ಪಾಸ್ ಒಂದು ಪುಟ್ಟ ಫೈಲ್, ಕೊನೆಯಲ್ಲಿ `.pkpass` ಅಂತ ಇರುತ್ತದೆ. ಅದು ನಿಜಕ್ಕೂ ಒಂದು ಜಿಪ್ ಗಂಟು. ಒಳಗೆ `pass.json` ಅನ್ನುವ ಫೈಲಿನಲ್ಲಿ ಹೆಸರು, ಸಮಯ, ಬಾರ್‌ಕೋಡಿನಲ್ಲಿ ಬರೆಯಬೇಕಾದ ಅಕ್ಷರಗಳು ಇರುತ್ತವೆ. ಜೊತೆಗೆ ಲೋಗೊ ಚಿತ್ರಗಳು, ಕೊಟ್ಟವರ ಡಿಜಿಟಲ್ ಸಹಿ. ಒಂದಕ್ಷರ ತಿದ್ದಿದರೂ ಸಹಿ ಹೊಂದುವುದಿಲ್ಲ, ಫೋನ್ ಪಾಸನ್ನು ಸೇರಿಸಿಕೊಳ್ಳುವುದಿಲ್ಲ. ಗಮನಿಸಿ, ಒಳಗೆ ಬಾರ್‌ಕೋಡಿನ ಚಿತ್ರ ಇಲ್ಲ, ಅಕ್ಷರಗಳಷ್ಟೇ ಇವೆ. ಗೆರೆಗಳನ್ನು ಫೋನ್ ತಾನೇ ಬರೆಯುತ್ತದೆ. ಹಾಗಾಗಿ ಮಸಕಾಗುವ ಪ್ರಶ್ನೆಯೇ ಇಲ್ಲ, ಬಿಳಿ ಅಂಚನ್ನೂ ಅದೇ ಬಿಡುತ್ತದೆ. ಪಾಸ್ ತೆರೆದ ಕೂಡಲೇ ಬ್ರೈಟ್‌ನೆಸ್ ಕೂಡ ತಾನೇ ಏರುತ್ತದೆ. ಸ್ಕ್ರೀನ್‌ಶಾಟ್‌ಗಿಂತ ವಾಲೆಟ್ ಮೇಲು ಅನ್ನಿಸುವುದು ಈ ಸಣ್ಣ ವಿಷಯಗಳಲ್ಲೇ. ಗೂಗಲ್ ವಾಲೆಟ್‌ನಲ್ಲಿ ಪಾಸ್ ನಿಮ್ಮ ಗೂಗಲ್ ಖಾತೆಗೆ ಸೇರಿಕೊಂಡಿರುತ್ತದೆ. ಫೋನ್ ಬದಲಾಯಿಸಿ ಅದೇ ಖಾತೆ ಹಾಕಿದರೆ ವಾಪಸ್ ಬರುತ್ತದೆ.

ಒಮ್ಮೆ ಸೇರಿಸಿದ ಪಾಸ್ ತೋರಿಸಲು ನೆಟ್ ಬೇಡ. ಗೇಟ್ ಬದಲಾದ ಸುದ್ದಿ ತಲುಪಬೇಕಾದರೆ ಮಾತ್ರ ಬೇಕು. ವಿಮಾನ ಕಂಪನಿ ಹೊಸ ವಿವರ ಕಳಿಸಿದರೆ ಅದೇ ಪಾಸ್ ಒಳಗಿಂದ ಬದಲಾಗುತ್ತದೆ. ಆದರೆ ಕಳಿಸುವುದು ಬಿಡುವುದು ಅವರ ಕೈಯಲ್ಲಿದೆ. ನಿಲ್ದಾಣದ ಬೋರ್ಡ್ ಒಂದು ಹೇಳಿ ವಾಲೆಟ್ ಇನ್ನೊಂದು ಹೇಳಿದರೆ ಬೋರ್ಡನ್ನೇ ನಂಬಿ.

ವಾಲೆಟ್‌ನ ದೊಡ್ಡ ಮಿತಿ, ಟಿಕೆಟ್ ಕೊಡುವವರು 'ವಾಲೆಟ್‌ಗೆ ಸೇರಿಸಿ' ಅನ್ನುವ ಗುಂಡಿ ಕೊಟ್ಟಿರಬೇಕು. ನಮ್ಮಂಥ ಅಂಗಡಿಗಳು ಎಲ್ಲಿಂದ ಕೊಡಬೇಕು? ಆಂಡ್ರಾಯ್ಡ್‌ನಲ್ಲಿ ಇದಕ್ಕೊಂದು ದಾರಿ ಇದೆ. ಕಾರ್ಡಿನ ಬಾರ್‌ಕೋಡನ್ನು ಕ್ಯಾಮೆರಾದಿಂದ ನೀವೇ ಸ್ಕ್ಯಾನ್ ಮಾಡಿ ಗೂಗಲ್ ವಾಲೆಟ್‌ಗೆ ಹಾಕಬಹುದು. ಇನ್ನೊಂದು ವಿಷಯ, ಜಿಮೇಲ್‌ನ ಸೆಟ್ಟಿಂಗ್ ಆನ್ ಇದ್ದರೆ ಕೆಲವು ಟಿಕೆಟ್‌ಗಳು ಮೇಲ್‌ನಿಂದ ತಾವಾಗಿಯೇ ವಾಲೆಟ್‌ಗೆ ಬಂದು ಕೂರುತ್ತವೆ. ಕೆಲವರಿಗೆ ಇದು ಅನುಕೂಲ, ಕೆಲವರಿಗೆ ಕಿರಿಕಿರಿ. ನನಗೆ ಎರಡನೆಯದು, ಆಫ್ ಮಾಡಿಟ್ಟಿದ್ದೇನೆ.

ಕಾರ್ಡಿಗೆಂದೇ ಇರುವ ಆಪ್

ಪರ್ಸಿನಲ್ಲಿ ಎಂಟು ಹತ್ತು ಅಂಗಡಿ ಕಾರ್ಡು ಇದ್ದು, ಅವುಗಳ ಲೆಕ್ಕ ಗೂಗಲ್‌ಗೂ ಬೇಡ ಅನ್ನುವವರಿಗೆ ಆಂಡ್ರಾಯ್ಡ್‌ನಲ್ಲಿ `Catima` ಅನ್ನುವ ಆಪ್ ಇದೆ. ಪುಕ್ಕಟೆ, ಖಾತೆ ತೆರೆಯುವ ಗೊಡವೆ ಇಲ್ಲ. ಎಲ್ಲ ಕಾರ್ಡೂ ಫೋನಿನಲ್ಲೇ ಉಳಿಯುತ್ತವೆ. ಅದಕ್ಕೇ ಫೋನ್ ಕಳೆದರೆ ಅವೂ ಹೋಗುತ್ತವೆ. ಆಗಾಗ ಎಕ್ಸ್‌ಪೋರ್ಟ್ ಮಾಡಿ ಆ ಫೈಲನ್ನು ಬೇರೆ ಕಡೆ ಇಟ್ಟುಕೊಳ್ಳುವ ಶಿಸ್ತು ಬೇಕು.

ಇಲ್ಲಿ ಆಗುವ ತಪ್ಪು ನಮ್ಮ ಕೌಂಟರಿನಲ್ಲೇ ಕಂಡಿದ್ದೇನೆ. ಕಾರ್ಡನ್ನು ಸ್ಕ್ಯಾನ್ ಮಾಡದೆ ಅಂಕಿಗಳನ್ನು ಕೈಯಿಂದ ಹಾಕಿದರೆ, ಬಾರ್‌ಕೋಡಿನ ಜಾತಿ ಯಾವುದು ಅಂತ ಆಪ್ ಕೇಳುತ್ತದೆ. ಒಬ್ಬ ವೈನಿ ಮೊದಲು ಕಂಡದ್ದನ್ನು ಒತ್ತಿದ್ದರು. ಅವರ ಕಾರ್ಡಿನ ನಂಬರ್ ಸೊನ್ನೆಯಿಂದ ಶುರು. ಬೀಪ್ ಏನೋ ಬಂತು, ಆದರೆ ಮುಂದಿನ ಸೊನ್ನೆ ಬಿಟ್ಟು ಹನ್ನೆರಡೇ ಅಂಕಿ ಬಂದವು, ಸಾಫ್ಟ್‌ವೇರ್ 'ಇಂಥ ಗಿರಾಕಿ ಇಲ್ಲ' ಅಂದಿತು. ಅವರ ಹಳೆ ಪ್ಲಾಸ್ಟಿಕ್ ಕಾರ್ಡನ್ನು ನೋಟ್‌ಪ್ಯಾಡ್‌ನಲ್ಲಿ ಒಮ್ಮೆ, ಫೋನನ್ನು ಒಮ್ಮೆ ಸ್ಕ್ಯಾನ್ ಮಾಡಿ ಎರಡು ಸಾಲು ಹೋಲಿಸಿದಾಗಲೇ ಗೊತ್ತಾದದ್ದು. ಟೈಪ್ ಮಾಡಬೇಡಿ, ಕ್ಯಾಮೆರಾದಿಂದಲೇ ಸೇರಿಸಿ. ಪ್ಲಾಸ್ಟಿಕ್ ಕಾರ್ಡನ್ನು ಎಸೆಯುವ ಮೊದಲು ಅಂಗಡಿಯಲ್ಲಿ ಒಂದು ಸಲವಾದರೂ ಫೋನಿನಿಂದ ಬಿಲ್ ಮಾಡಿಸಿ.

ಕಾಗದ

ಬ್ಯಾಟರಿ ಬೇಡ, ಲೇಸರ್ ಸ್ಕ್ಯಾನರೂ ಗೆರೆಯ ಕೋಡ್ ಓದುತ್ತದೆ, ಕೈಯಿಂದ ಕೈಗೆ ಕೊಡಬಹುದು. ವಿಮಾನದ ಮಟ್ಟಿಗೆ ಪ್ರಿಂಟ್ ಮನೆಯಿಂದಲೇ ತರಬೇಕೆಂದಿಲ್ಲ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹೆಚ್ಚುವರಿ ದುಡ್ಡು ಕೇಳಬಾರದೆಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಹೇಳಿದೆ. ಸಾಲಿನಲ್ಲಿ ನಿಲ್ಲುವ ತಾಳ್ಮೆ ಇರಬೇಕಷ್ಟೇ.

ಸಾಂಬ್ರಾದಿಂದ ಬೆಂಗಳೂರಿಗೆ, ಮೂರು ಜನ

ನಮ್ಮದೇ ಒಂದು ಪ್ರಯಾಣ ಹೇಳುತ್ತೇನೆ. ನಾನು, ಅವ್ವ, ಅಣ್ಣನ ಮಗಳು. ಅವ್ವನದು ಗುಂಡಿ ಫೋನು. ಹಿಂದಿನ ರಾತ್ರಿ ವೆಬ್ ಚೆಕ್-ಇನ್ ನಾನೇ ಮಾಡಿದೆ. ನನ್ನದನ್ನು ವಾಲೆಟ್‌ಗೆ ಹಾಕಿಕೊಂಡೆ. ಅವ್ವನದನ್ನು ಪ್ರಿಂಟ್ ತೆಗೆಸಿದೆ. ಹುಡುಗಿಗೆ ಅವಳ ಪಾಸಿನ ಸ್ಕ್ರೀನ್‌ಶಾಟನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತಲೇ ಕಳಿಸಿದೆ, ಅದೂ ಬಾರ್‌ಕೋಡ್ ಇರುವಷ್ಟೇ ಕತ್ತರಿಸಿ. ಮೇಲೆ ಹೇಳಿದ ತಪ್ಪು ಎರಡೂ ಒಂದೇ ಫೋಟೊದಲ್ಲಿ.

ಸಾಂಬ್ರಾದ ಬಾಗಿಲಲ್ಲಿ ಭದ್ರತೆಯವರು ಟಿಕೆಟ್ಟಿನ ಹೆಸರನ್ನೂ ಗುರುತಿನ ಚೀಟಿಯನ್ನೂ ಕಣ್ಣಿಂದ ನೋಡಿ ಬಿಟ್ಟರು. ಅಲ್ಲಿ ಕೋಡ್ ಹೇಗಿದ್ದರೂ ನಡೆಯಿತು. ವಾಲೆಟ್‌ನ ಪಾಸ್ ಗುರುತಿನ ಚೀಟಿ ಅಲ್ಲ, ಆಧಾರ್‌ನಂಥದ್ದು ಬೇರೆ ತೋರಿಸಬೇಕು. ಗೇಟಿನಲ್ಲಿ ಅವ್ವನ ಕಾಗದ ಮೊದಲ ಸಲಕ್ಕೇ ಬೀಪ್ ಆಯಿತು. ನನ್ನದೂ ಆಯಿತು. ಹುಡುಗಿಯದು ಆಗಲಿಲ್ಲ. ಅವಳು ಬ್ರೈಟ್‌ನೆಸ್ ಏರಿಸಿದಳು, ಚಿತ್ರ ಹಿಗ್ಗಿಸಿದಳು, ಸ್ಕ್ಯಾನರಿನ ಗಾಜಿಗೆ ಫೋನ್ ಒತ್ತಿಟ್ಟಳು. ಹಿಂದೆ ಸಾಲು ಬೆಳೆಯಿತು. ಕೊನೆಗೆ ನನ್ನ ಫೋನಿನಲ್ಲಿದ್ದ ಮೂಲ ಪಿಡಿಎಫ್ ತೆರೆದು ಹಿಡಿದೆ, ಆಯಿತು.

ಆ ಕೋಡಿನಲ್ಲಿ ಇರುವುದಾದರೂ ಏನು? ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಇದಕ್ಕೆ ಒಂದೇ ಮಾದರಿ ಮಾಡಿದೆ. ಒಬ್ಬರ ಒಂದು ಪ್ರಯಾಣಕ್ಕೆ ಕಡ್ಡಾಯ ಭಾಗ 60 ಅಕ್ಷರ. ಸುಳ್ಳು ಹೆಸರು, ಸುಳ್ಳು ನಂಬರ್ ಹಾಕಿದರೆ ಹೀಗಿರುತ್ತದೆ:

```
M1ADDAHESARU/HESARU   EABC123 IXGBLRXX 0123 045Y012A0034 100
```

ಅಡ್ಡಹೆಸರು ಮೊದಲು, ಆಮೇಲೆ ಹೆಸರು, ಎರಡಕ್ಕೂ ಸೇರಿ 20 ಅಕ್ಷರದ ಜಾಗ. ABC123 ಅನ್ನುವುದು ಪಿಎನ್ಆರ್. IXG ಅಂದರೆ ಬೆಳಗಾವಿ, BLR ಅಂದರೆ ಬೆಂಗಳೂರು. XX ಇರುವಲ್ಲಿ ಕಂಪನಿಯ ಗುರುತು ಬರುತ್ತದೆ, 0123 ವಿಮಾನದ ನಂಬರ್. 045 ಅನ್ನುವುದು ವರ್ಷದ 45ನೇ ದಿನ, ಅಂದರೆ ಫೆಬ್ರವರಿ 14. ವರ್ಷ ಯಾವುದು ಅಂತ ಈ ಭಾಗದಲ್ಲಿ ಬರೆಯುವುದೇ ಇಲ್ಲ! ಆಮೇಲೆ ಸೀಟು 12A, ಚೆಕ್-ಇನ್ ಆದ ಕ್ರಮಸಂಖ್ಯೆ 34.

ಇದನ್ನು ನೋಡಿದರೆ ಎರಡು ವಿಷಯ ತಿಳಿಯುತ್ತವೆ. ಸೀಟು ಕೋಡಿನ ಒಳಗೇ ಇದೆ, ಆದ್ದರಿಂದ ಸೀಟು ಬದಲಾದ ಮೇಲೆ ಹಳೆ ಸ್ಕ್ರೀನ್‌ಶಾಟ್ ಹಿಡಿದರೆ ಗೇಟಿನಲ್ಲಿ ತಕರಾರು ಬರಬಹುದು, ಹೊಸ ಪಾಸ್ ಇಳಿಸಿಕೊಳ್ಳಬೇಕು. ಎರಡನೆಯದು, ಹೆಸರು, ಪಿಎನ್ಆರ್ ಎರಡೂ ಬೀಗವಿಲ್ಲದೆ ಅಲ್ಲೇ ಇವೆ. ಎಷ್ಟೋ ಕಂಪನಿಗಳ ವೆಬ್‌ಸೈಟಿನಲ್ಲಿ ಆ ಎರಡು ಇದ್ದರೆ ಬುಕಿಂಗ್ ತೆರೆಯುತ್ತದೆ. ಪಾಸಿನ ಫೋಟೊ ಸ್ಟೇಟಸ್‌ಗೆ ಹಾಕುವಾಗ ಹೆಸರಿನ ಮೇಲೆ ಇಮೋಜಿ ಅಂಟಿಸಿ ಕೋಡನ್ನು ಹಾಗೇ ಬಿಡುತ್ತಾರಲ್ಲ, ಏನು ಮುಚ್ಚಿದಂತಾಯಿತು?

ಗೇಟಿನಲ್ಲಿ ಫೋನ್ ಹಿಡಿಯುವ ರೀತಿಯೂ ಇದೆ. ಗಾಜಿಗೆ ಅಂಟಿಸಬೇಡಿ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿದು ನಿಧಾನವಾಗಿ ಹತ್ತಿರ ತನ್ನಿ, ಕ್ಯಾಮೆರಾಗೆ ಫೋಕಸ್ ಸಿಗಬೇಕು. ಪಕ್ಕದವರಿಗೆ ಕಾಣದಂಥ ಕಪ್ಪು ಪ್ರೈವಸಿ ಗ್ಲಾಸ್ ಹಾಕಿಸಿದ್ದರೆ ಓರೆಯಾಗಿ ಹಿಡಿದಾಗ ಸ್ಕ್ಯಾನರಿಗೂ ಕಾಣುವುದಿಲ್ಲ, ನೇರ ಹಿಡಿಯಬೇಕು. ಸೀಳಿದ ಗಾಜಿನ ಮೇಲೆ ಕೋಡ್ ಬಂದರೆ ಚಿತ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ.

ಯಾರಿಗೆ ಯಾವುದು

ವರ್ಷಕ್ಕೆ ಒಂದೆರಡು ಸಲ ವಿಮಾನ ಹತ್ತುವವರಿಗೆ ಮೂಲ ಪಿಡಿಎಫ್ ಫೋನಿನಲ್ಲಿ ಇಳಿಸಿಕೊಂಡಿದ್ದರೆ ಸಾಕು. ವಾಲೆಟ್ ಕಲಿಯುವ ಅವಸರವಿಲ್ಲ. ತಿಂಗಳಿಗೊಮ್ಮೆ ಓಡಾಡುವವರಿಗೆ ವಾಲೆಟ್ ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ, ಜೊತೆಗೆ ಒಂದು ಸ್ಕ್ರೀನ್‌ಶಾಟ್ ಇರಲಿ, ಕತ್ತರಿಸದೆ. ಇಡೀ ಕುಟುಂಬ ಹೊರಟಾಗ ಎಲ್ಲರ ಪಾಸನ್ನೂ ಒಬ್ಬರ ವಾಲೆಟ್‌ನಲ್ಲಿ ಇಡಬಹುದು, ಒಂದರ ಹಿಂದೊಂದು ಸರಿಸಿ ತೋರಿಸಬಹುದು. ಆದರೆ ಆ ಒಬ್ಬರು ನೀರಿನ ಬಾಟಲಿ ತರಲು ಹೋದರೆ ಉಳಿದವರು ಗೇಟಿನಲ್ಲಿ ಕಾಯಬೇಕು. ಹಿರಿಯರ ಕೈಗೆ ಕಾಗದವನ್ನೇ ಕೊಡಿ.

ಬೆಂಗಳೂರಿನಲ್ಲಿ ಇಳಿದು ಮೆಟ್ರೊ ಹತ್ತುವವರಿಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಕೊಂಡ ಕ್ಯೂಆರ್ ಟಿಕೆಟ್ಟನ್ನು ಒಳಗೆ ಹೋಗುವಾಗ ಮಾತ್ರವಲ್ಲ, ಹೊರಗೆ ಬರುವಾಗಲೂ ತೋರಿಸಬೇಕು. ಒಳಗೆ ಬಂದೆವಲ್ಲ ಅಂತ ಅಳಿಸಬೇಡಿ. ಬ್ಯಾಟರಿ ಕೊನೆಯ ಗೆರೆಗೆ ಬಂದಿದ್ದರೆ ಟೋಕನ್ ತೆಗೆದುಕೊಳ್ಳಿ.

ಅಂಗಡಿ ಕಾರ್ಡು ಒಂದೆರಡೇ ಇದ್ದರೆ ಪರ್ಸಿನಲ್ಲೇ ಇರಲಿ. ಜಾಸ್ತಿ ಇದ್ದರೆ ಗೂಗಲ್ ವಾಲೆಟ್, ಅಥವಾ ಖಾತೆಯ ಗೊಡವೆ ಬೇಡವಾದರೆ `Catima`. ಐಫೋನ್ ಇದ್ದು ಅಂಗಡಿಯವರು ಪಾಸ್ ಕೊಡದಿದ್ದರೆ ಕಾರ್ಡಿನ ಒಂದು ಸ್ಪಷ್ಟ ಫೋಟೊ, ಅಂಕಿ ಕಾಣುವ ಹಾಗೆ. ನಮ್ಮ ಅಂಗಡಿಗೆ ಬಂದಾಗ ಕೌಂಟರಿನ ಬಲಗಡೆ ನಿಲ್ಲಿ. ಹೊಸ ಸ್ಕ್ಯಾನರ್ ಇರುವುದು ಆ ಕಡೆ.